ಹೊಸಬರು ಕೈಗಾರಿಕಾ ಸಂಘದ ಸಮಿತಿ ಸೇರಿದರೆ ಹಳಬರ ವಿಶ್ವಾಸ ಸಿಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ದುಡಿದು, ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹ ಕೊರೆಯುವ ಎರಡು ವಿಎಂಸಿ ಯಂತ್ರ ಹಾಕಿ, ಬೇರೆಯವರ ಮಾಲನ್ನು ಕೂಲಿಗೆ ಮಷಿನಿಂಗ್ ಮಾಡಿಕೊಡುವ ಜಾಬ್‌ವರ್ಕ್ ಆರಂಭಿಸಿದ್ದೇನೆ. ಎರಕ ಹೊಯ್ಯುವ ಹಳೆಯ ಫೌಂಡ್ರಿಯವರು ಮಾತಾಡಿಸುತ್ತಾರೆ, ಚಹಾ ಕುಡಿಸುತ್ತಾರೆ, ಆದರೆ ಕೆಲಸವನ್ನು ಮಾತ್ರ ಇಪ್ಪತ್ತು ವರ್ಷದ ಪರಿಚಯದವರಿಗೇ ಕೊಡುತ್ತಾರೆ. ಸ್ಥಳೀಯ ಕೈಗಾರಿಕಾ ಸಂಘದ ಕಾರ್ಯಕಾರಿ ಸಮಿತಿಗೆ ಸೇರಿದರೆ ಅವರ ವಿಶ್ವಾಸ ಗಳಿಸಬಹುದು ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ಯಾವ ಹುದ್ದೆಗೆ ಪ್ರಯತ್ನಿಸಲಿ?

ಉತ್ತರ: ಗಳಿಸಬಹುದು, ಆದರೆ ಹುದ್ದೆಯಿಂದಲ್ಲ. ಸಮಿತಿಯಲ್ಲಿ ಯಾರೂ ಮಾಡಲು ಮುಂದೆ ಬಾರದ ಒಂದು ಕೆಲಸವನ್ನು ಎತ್ತಿಕೊಂಡು, ಅದನ್ನು ಎರಡು ವರ್ಷ ತಪ್ಪದೆ ಮಾಡುವುದರಿಂದ ಮಾತ್ರ. ಆ ಕೆಲಸ ಖಜಾಂಚಿಯ ಸಹಾಯಕನದ್ದಾಗಿದ್ದರೆ ಒಳ್ಳೆಯದು ಎಂಬುದು, ಹುಬ್ಬಳ್ಳಿ ಕಡೆಯ ಒಂದು ಕೈಗಾರಿಕಾ ವಸಾಹತಿನ ಸಂಘದಲ್ಲಿ ಹಲವು ವರ್ಷ ಪದಾಧಿಕಾರಿಯಾಗಿದ್ದ ನನ್ನ ಖಚಿತ ಅಭಿಪ್ರಾಯ.

ಮೊದಲು ಹಳಬರು ನಿಮ್ಮಲ್ಲಿ ಏನನ್ನು ನೋಡುತ್ತಿದ್ದಾರೆ ಎಂಬುದನ್ನು ತಿಳಿಯಬೇಕು. ನಿಮ್ಮ ಯಂತ್ರದ ನಿಖರತೆಯ ಬಗ್ಗೆ ಅವರಿಗೆ ಸಂಶಯ ಇರಲಾರದು. ಅದನ್ನು ಐದು ಮಾದರಿ ತುಂಡುಗಳನ್ನು ಅಳೆದು ನೋಡಿ ತೀರ್ಮಾನಿಸಬಹುದು. ಅಳೆದು ನೋಡಲಾಗದ್ದು ಬೇರೆಯೇ ಇದೆ. ಫೌಂಡ್ರಿಯವರು ನಿಮ್ಮ ಶೆಡ್ಡಿಗೆ ಕಳಿಸುವ ಎರಕಗಳು ಅವರ ಸ್ವತ್ತು, ಅದರ ಹಿಂದೆ ಅವರ ಗಿರಾಕಿಗೆ ಕೊಟ್ಟ ವಾಯಿದೆ ಇರುತ್ತದೆ. ಬೀಡಿನ ಎರಕವೊಂದರ ನಾಲ್ಕು ಆಪರೇಷನ್ ಮುಗಿದು ಕೊನೆಯ ಬೋರಿಂಗಿನಲ್ಲಿ ಒಳಗೆ ಗಾಳಿ ಸಿಕ್ಕಿ ಆದ ತೂತು, ಅಂದರೆ ಬ್ಲೋಹೋಲ್, ಕಾಣಿಸಿಕೊಂಡಿತು ಎನ್ನಿ. ಎರಕ ಹೋಯಿತು, ನಿಮ್ಮ ಮಷಿನಿಂಗ್ ಕೂಲಿಯೂ ಹೋಯಿತು. ಈಗ ನಷ್ಟ ಯಾರದ್ದು? ತಪ್ಪು ನಿಮ್ಮದಾಗಿದ್ದರೆ ನೀವು ಹೇಳುತ್ತೀರಾ, ಅಥವಾ ಆ ತುಂಡನ್ನು ಮೂಲೆಗೆ ಸರಿಸಿ ಲೆಕ್ಕದಲ್ಲಿ ಮುಚ್ಚುತ್ತೀರಾ? ಅವರ ಗಿರಾಕಿಯ ಹೆಸರು ಡ್ರಾಯಿಂಗಿನ ಮೇಲೆ ಕಂಡ ಮೇಲೆ ನೇರವಾಗಿ ಅವರಿಗೇ ದರ ಕಳಿಸುತ್ತೀರಾ? ಬ್ಯಾಂಕಿನ ಕಂತು ಭಾರವಾದಾಗ ಯಂತ್ರ ಮಾರಿ ಬೆಂಗಳೂರಿಗೆ ಮರಳುತ್ತೀರಾ? ಇವೆಲ್ಲವೂ ಅವರು ಕೇಳದೆ ಕೇಳುತ್ತಿರುವ ಪ್ರಶ್ನೆಗಳು. ಕೆಲಸ ಕೊಟ್ಟೇ ಉತ್ತರ ಪಡೆಯಬೇಕೆಂದರೆ ಅವರು ಕೈ ಸುಟ್ಟುಕೊಳ್ಳಬೇಕಾದೀತು. ಸಂಘದ ಕೆಲಸದಲ್ಲಾದರೆ, ಒಂದು ಎರಕವನ್ನೂ ಪಣಕ್ಕಿಡದೆ, ನೀವು ಇನ್ನೊಬ್ಬರ ಹಣವನ್ನು, ಇನ್ನೊಬ್ಬರ ಗುಟ್ಟನ್ನು ಮತ್ತು ನಿಮ್ಮ ಸ್ವಂತ ತಪ್ಪನ್ನು ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ಅವರು ತಿಂಗಳುಗಟ್ಟಲೆ ನೋಡಬಹುದು.

ಇದೇ ಕಾರಣಕ್ಕೆ ಸೇರಿದ ಮೊದಲ ವರ್ಷವೇ ಚುನಾವಣೆಗೆ ನಿಲ್ಲಬೇಡಿ. ಹೆಚ್ಚಿನ ಸಂಘಗಳ ಬೈಲಾದಲ್ಲಿ ಸಮಿತಿಗೆ ನಿಲ್ಲಲು ಇಷ್ಟು ವರ್ಷದ ಸದಸ್ಯತ್ವ ಇರಬೇಕು, ಸೂಚಕರು ಮತ್ತು ಅನುಮೋದಕರು ಬೇಕು ಎಂಬ ನಿಯಮವಿರುತ್ತದೆ. ನಿಯಮ ಅಡ್ಡ ಬರದಿದ್ದರೂ, ಹೊಸಬನೊಬ್ಬ ಹಳಬರೊಬ್ಬರ ಎದುರು ಸ್ಪರ್ಧಿಸಿ ಗೆದ್ದರೆ ಒಂದು ಕುರ್ಚಿ ಸಿಕ್ಕೀತು, ಸೋತವರ ಬಳಗದ ಹತ್ತು ಬಾಗಿಲು ಮುಚ್ಚಿಯಾವು. ಸಂಘದಲ್ಲಿ ಎರಡು ಗುಂಪುಗಳಿದ್ದರೆ ಯಾವ ಗುಂಪಿನ ಪಟ್ಟಿಯಲ್ಲೂ ನಿಮ್ಮ ಹೆಸರು ಸೇರದಂತೆ ನೋಡಿಕೊಳ್ಳಿ. ಅದರ ಬದಲು ಸಂಘದ ಬೈಲಾ, ಕಳೆದ ಮೂರು ವರ್ಷದ ಲೆಕ್ಕಪರಿಶೋಧಿತ ತಃಖ್ತೆ ಮತ್ತು ವಾರ್ಷಿಕ ಮಹಾಸಭೆಯ ನಡಾವಳಿಯನ್ನು ಕಾರ್ಯದರ್ಶಿಯವರಲ್ಲಿ ಸದಸ್ಯನಾಗಿ ಕೇಳಿ ಪಡೆದು ಓದಿ. ಯಾವ ಕೆಲಸ ವರ್ಷದಿಂದ ವರ್ಷಕ್ಕೆ "ಮುಂದಿನ ಸಭೆಯಲ್ಲಿ ಚರ್ಚಿಸುವುದು" ಎಂದು ಉಳಿದುಕೊಂಡು ಬಂದಿದೆಯೋ ಅದನ್ನು ಗುರುತಿಸಿ, "ಇದನ್ನು ನಾನು ಮಾಡಿಕೊಡಲೇ?" ಎಂದು ಕೇಳಿ. ನೀವು ಕೇಳಿದ್ದು ಹುದ್ದೆಯನ್ನಲ್ಲ, ಕೆಲಸವನ್ನು ಎಂಬುದು ಆ ಒಂದು ವಾಕ್ಯದಲ್ಲೇ ಅವರಿಗೆ ತಿಳಿಯುತ್ತದೆ. ಮುಂದಿನ ವರ್ಷ ನಾಮಕರಣ ಸದಸ್ಯರಾಗಿಯೋ ಅವಿರೋಧವಾಗಿಯೋ ಅವರೇ ನಿಮ್ಮನ್ನು ಒಳಗೆ ತೆಗೆದುಕೊಳ್ಳುತ್ತಾರೆ.

ಆ ಕೆಲಸ ಹಣದ ಲೆಕ್ಕದ್ದಾಗಿರಲಿ ಎಂದು ನಾನು ಹೇಳುವುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಸಾಹತಿನಲ್ಲಿ ಹೊಸದಾಗಿ ಟರ್ನಿಂಗ್ ಶಾಪ್ ಹಾಕಿದ ಒಬ್ಬ ಯುವಕನಿಗೆ, ಖಜಾಂಚಿಯವರ ಜತೆ ಕುಳಿತು ಬಾಕಿ ವಂತಿಗೆಯ ಪಟ್ಟಿ ಮಾಡುವ ಕೆಲಸ ಒಪ್ಪಿಸಿದೆವು. ದಾಖಲೆ ಪುಸ್ತಕದಲ್ಲಿ 132 ಸದಸ್ಯರಿದ್ದರು, 61 ಮಂದಿ ಬಾಕಿದಾರರು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಎಲ್ಲರಿಗೂ ಒಂದೇ ಮಾದರಿಯ ನೋಟಿಸು ಹೋಗುತ್ತದೆ. ಅವನು ನೋಟಿಸು ಕಳಿಸಲಿಲ್ಲ. ಹಳೆಯ ಪಾವತಿ ಪುಸ್ತಕಗಳನ್ನು, ಅಂದರೆ ರಸೀದಿ ಪುಸ್ತಕಗಳನ್ನು ತರಿಸಿ, ಅವುಗಳ ಅರ್ಧಪ್ರತಿಗಳನ್ನು ಒಂದೊಂದಾಗಿ ಲೆಡ್ಜರಿನ ಜತೆ ಹೋಲಿಸಿದ. ಆಮೇಲೆ ದಿನಕ್ಕೆ ಮೂರು ಘಟಕದಂತೆ, ಬೆಳಗಿನ ಲೋಡಿಂಗ್ ಮುಗಿದು ಮಾಲೀಕರು ಮೇಜಿಗೆ ಬರುವ ಹನ್ನೊಂದರ ಹೊತ್ತಿಗೆ, ಪಾವತಿ ಪುಸ್ತಕ ಹಿಡಿದು ತಾನೇ ಹೋದ.

ಮೊದಲ ವಾರವೇ ಒಬ್ಬ ಹಿರಿಯ ಫೌಂಡ್ರಿ ಮಾಲೀಕರು ಅವನನ್ನು ಕೂರಿಸಿ, "ತಮ್ಮಾ, ಹ್ವಾದ ವರ್ಷ ಕೊಟ್ಟ ರೊಕ್ಕದ ಪಾವತಿ ನನ್ನ ಕಡೆ ಐತಿ. ನಿಮ್ಮ ಪುಸ್ತಕದಾಗ ಇಲ್ಲಂದ್ರ ಅದು ಯಾರ ತಪ್ಪು?" ಎಂದು ಕೇಳಿದರು. ಅವನು ವಾದಕ್ಕಿಳಿಯದೆ ಪಾವತಿಯ ಸಂಖ್ಯೆ ಬರೆದುಕೊಂಡು ಬಂದ. ಎರಡು ತಿಂಗಳಲ್ಲಿ 61ರ ಲೆಕ್ಕ ಬಿಡಿಸಿದಾಗ ಕಂಡದ್ದು ಇಷ್ಟು: 9 ಘಟಕಗಳು ಮುಚ್ಚಿದ್ದವು, 6 ಬೇರೆಯವರ ಕೈ ಸೇರಿದ್ದವು, 14 ಮಂದಿ ಹಣ ಕೊಟ್ಟಿದ್ದರೂ ಲೆಡ್ಜರಿಗೆ ಏರಿರಲಿಲ್ಲ, ನಿಜವಾದ ಬಾಕಿದಾರರು 32 ಮಂದಿ ಮಾತ್ರ. ಆ 14 ಮಂದಿಯ ಪ್ರಕರಣ ಸಣ್ಣದಲ್ಲ. ನಮ್ಮ ಬೈಲಾ ಪ್ರಕಾರ ಬಾಕಿದಾರರಿಗೆ ಮಹಾಸಭೆಯಲ್ಲಿ ಮತದ ಹಕ್ಕಿಲ್ಲ. ಅಂದರೆ ಹಣ ಕೊಟ್ಟವರನ್ನೇ ನಾವು ಹೊರಗೆ ನಿಲ್ಲಿಸಿದ್ದೆವು, ಅವರಲ್ಲಿ ಹೆಚ್ಚಿನವರು ಅದಕ್ಕಾಗಿಯೇ ಸಂಘದ ಕಡೆ ಬರುವುದನ್ನು ಬಿಟ್ಟಿದ್ದರು.

ತಪ್ಪು ಹಿಂದಿನ ಖಜಾಂಚಿಯವರ ಕಾಲದ್ದು. ಅವರೂ ಒಂದು ದೊಡ್ಡ ಫೌಂಡ್ರಿಯ ಮಾಲೀಕರು, ವಸಾಹತಿನಲ್ಲಿ ಮಾತು ನಡೆಯುವವರು. ಇಲ್ಲಿ ಆ ಯುವಕ ಮಾಡಿದ್ದನ್ನು ನೀವು ಗಮನಿಸಬೇಕು. ಅವನು ಸಮಿತಿಗೆ ಹೇಳುವ ಮೊದಲು ಆ ಹಿರಿಯರ ಮನೆಗೆ ಒಬ್ಬನೇ ಹೋಗಿ, 14 ಅರ್ಧಪ್ರತಿಗಳನ್ನು ಅವರ ಮುಂದಿಟ್ಟ. ಅವರು ಬಹಳ ಹೊತ್ತು ನೋಡಿ, ಆ ವರ್ಷ ತಮ್ಮ ಮನೆಯಲ್ಲಿ ಕಾಯಿಲೆ ಇದ್ದುದರಿಂದ ಗುಮಾಸ್ತರಿಗೆ ಲೆಕ್ಕ ಬಿಟ್ಟಿದ್ದಾಗಿ ಹೇಳಿದರಂತೆ. ಹಣ ಬ್ಯಾಂಕಿಗೆ ಹೋಗಿತ್ತು, ಬ್ಯಾಂಕ್ ಪುಸ್ತಕದಲ್ಲಿ ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತಿತ್ತು, ಹೆಸರುವಾರು ಏರಿಸಿದ್ದು ಮಾತ್ರ ಆಗಿರಲಿಲ್ಲ. ಇದನ್ನು ಖಚಿತಪಡಿಸಿಕೊಂಡ ಮೇಲೆ ಅವನು ಸಮಿತಿಗೆ ಪೂರ್ತಿ ವಿಷಯವನ್ನು ಲಿಖಿತವಾಗಿ ಕೊಟ್ಟ, ಏನನ್ನೂ ಮುಚ್ಚಿಡಲಿಲ್ಲ. ಮಹಾಸಭೆಯಲ್ಲಿ "ಸಂಘದ ಲೆಕ್ಕ ಬರೆಯುವುದರಲ್ಲಿ ಆದ ತಪ್ಪಿನಿಂದ ಈ 14 ಸದಸ್ಯರಿಗೆ ತೊಂದರೆಯಾಗಿದೆ, ಸಂಘ ಕ್ಷಮೆ ಕೋರುತ್ತದೆ" ಎಂದು ಓದಿದೆವು. ವ್ಯಕ್ತಿಯ ಹೆಸರು ಬರಲಿಲ್ಲ, ತಪ್ಪು ದಾಖಲೆಗೆ ಬಂತು. ಹಣವೇ ಕಾಣೆಯಾಗಿದ್ದರೆ ಹೀಗೆ ಹೆಸರು ಬಿಡುವುದು ಸರಿಯಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಆಗ ಲೆಕ್ಕಪರಿಶೋಧಕರ ಮೂಲಕವೇ ಹೋಗಬೇಕು.

ಆ ಸಭೆಯಾದ ಆರೇಳು ತಿಂಗಳಿಗೆ ಆ ಹಿಂದಿನ ಖಜಾಂಚಿಯವರೇ ಅವನಿಗೆ 40 ಪಂಪ್ ಕವಚಗಳ ಒಂದು ಸಣ್ಣ ಲಾಟ್ ಕಳಿಸಿದರು. ಅವನು ಮೊದಲ ಆಪರೇಷನ್ನಿನಲ್ಲೇ ಮೂರು ತುಂಡುಗಳಲ್ಲಿ ಬ್ಲೋಹೋಲ್ ಕಂಡು, ಯಂತ್ರ ನಿಲ್ಲಿಸಿ, ಫೋಟೊ ಕಳಿಸಿ, "ಮುಂದುವರಿಸಲೇ, ಬದಲಿ ಕೊಡುತ್ತೀರಾ?" ಎಂದು ಕೇಳಿದ. ಅವರು ಬದಲಿ ಕಳಿಸಿದರು, ಆ ಮೂರರ ಮೊದಲ ಆಪರೇಷನ್ ಕೂಲಿಯನ್ನೂ ಕೊಟ್ಟರು. ಲೆಡ್ಜರಿನಲ್ಲಿ ಅವನು ಹೇಗೆ ನಡೆದುಕೊಂಡಿದ್ದನೋ ಯಂತ್ರದ ಮುಂದೆಯೂ ಹಾಗೆಯೇ ನಡೆದುಕೊಂಡ; ಅವರಿಗೆ ಬೇಕಿದ್ದ ಉತ್ತರ ಅಲ್ಲಿ ಸಿಕ್ಕಿತು.

ನೀವು ಈ ಜವಾಬ್ದಾರಿ ಹೊತ್ತರೆ ಕೆಲವು ಶಿಸ್ತುಗಳನ್ನು ಮೊದಲ ದಿನದಿಂದ ಪಾಲಿಸಿ. ಹಣ ಕೈಗೆ ಬಂದ ಕೂಡಲೇ ಅಲ್ಲೇ ಪಾವತಿ ಬರೆಯಿರಿ. "ಆಮೇಲೆ ಕಳಿಸುತ್ತೇನೆ" ಎಂದು ಒಮ್ಮೆ ಹೇಳಿದರೆ ನಿಮ್ಮ ಮಾತಿನ ತೂಕ ಇಳಿಯುತ್ತದೆ. ನಗದನ್ನು ಮರುದಿನವೇ ಬ್ಯಾಂಕಿಗೆ ಕಟ್ಟಿ, ಸಂಘದ ಹಣವನ್ನು ನಿಮ್ಮ ಖಾತೆಯ ಮೂಲಕ ಒಂದು ದಿನವೂ ಹಾಯಿಸಬೇಡಿ. ಚೆಕ್ಕಿಗೆ ಇಬ್ಬರ ಸಹಿ ಇರಲಿ, ಇಬ್ಬರೂ ಸಹಿ ಹಾಕಿ ಖಾಲಿ ಚೆಕ್ ಇಡುವ ಅಭ್ಯಾಸ ಸಂಘದಲ್ಲಿದ್ದರೆ ವಿನಯದಿಂದಲೇ ಅದನ್ನು ನಿಲ್ಲಿಸಿ. ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ, ವಾರ್ಷಿಕ ಮಹಾಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಲೆಕ್ಕಪರಿಶೋಧಿತ ತಃಖ್ತೆಯ ಜತೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಲವು ಸಣ್ಣ ಸಂಘಗಳು ಇದನ್ನು ವರ್ಷಗಟ್ಟಲೆ ಮರೆತಿರುತ್ತವೆ, ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹೋದಾಗಲೋ ಸರ್ಕಾರಕ್ಕೆ ಮನವಿ ಕೊಡುವಾಗಲೋ ಸಿಕ್ಕಿಬೀಳುತ್ತವೆ. ಹಾಗೆಯೇ ವಂತಿಗೆ ಏರಿಸುವ ಮಾತು ಬಂದಾಗ, ವ್ಯಾಪಾರ ಕೈಗಾರಿಕೆಗಳ ಉತ್ತೇಜನಕ್ಕಾಗಿ ಇರುವ ಲಾಭರಹಿತ ಸಂಘಗಳಿಗೆ ಜಿಎಸ್‌ಟಿ ವಿನಾಯಿತಿ ಇರುವುದು ಸದಸ್ಯನೊಬ್ಬನಿಂದ ವರ್ಷಕ್ಕೆ 1,000 ರೂಪಾಯಿವರೆಗಿನ ಸದಸ್ಯತ್ವ ಶುಲ್ಕಕ್ಕೆ ಎಂಬುದನ್ನು ಸಭೆಯ ಗಮನಕ್ಕೆ ತಂದು, ಏರಿಸುವ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ಇಂಥ ಒಂದು ಮಾತನ್ನು ಸರಿಯಾದ ಹೊತ್ತಿಗೆ ಹೇಳಿದವನನ್ನು ಹಿರಿಯರು ನೆನಪಿಟ್ಟುಕೊಳ್ಳುತ್ತಾರೆ.

ಇನ್ನು ಕೆಡುವುದು ಹೇಗೆ ಎಂಬ ವಿಷಯ. ಮೊದಲನೆಯದು, ಸಂಘದ ಕೆಲಸಕ್ಕೆ ಹೋದಾಗ ಸ್ವಂತ ಕೆಲಸ ಕೇಳುವುದು. ಪಾವತಿ ಪುಸ್ತಕದ ಜತೆ ನಿಮ್ಮ ದರಪಟ್ಟಿಯನ್ನೂ ಒಯ್ದರೆ, ಆ ಭೇಟಿಯ ಅರ್ಥವೇ ಬದಲಾಗುತ್ತದೆ. ಅವರೇ ಕೇಳಿದರೂ "ಇವತ್ತು ಸಂಘದ ಕೆಲಸಕ್ಕೆ ಬಂದಿದ್ದೇನೆ, ನಾಳೆ ಫೋನ್ ಮಾಡಿ ಬರುತ್ತೇನೆ" ಎಂದು ಹೇಳಿ ಎದ್ದು ಬನ್ನಿ, ಮರುದಿನ ತಪ್ಪದೆ ಫೋನ್ ಮಾಡಿ. ಸಂಘಕ್ಕೆ ಬೇಕಾದ ಫೆನ್ಸಿಂಗ್, ನಾಮಫಲಕ, ಬೋರ್‌ವೆಲ್ ಪಂಪಿನ ರಿಪೇರಿ ಇಂಥ ಯಾವುದೇ ಗುತ್ತಿಗೆಯನ್ನು, ನಿಮ್ಮ ದರ ಎಲ್ಲಕ್ಕಿಂತ ಕಡಿಮೆಯಿದ್ದರೂ, ಸಮಿತಿಯಲ್ಲಿರುವವರೆಗೆ ತೆಗೆದುಕೊಳ್ಳಬೇಡಿ.

ಎರಡನೆಯದು ಬಾಯಿ. ಘಟಕದಿಂದ ಘಟಕಕ್ಕೆ ಹೋಗುವವನಿಗೆ ಯಾರ ಶಿಫ್ಟ್ ನಿಂತಿದೆ, ಯಾರ ಅಂಗಳದಲ್ಲಿ ಮಾಲು ಬಿದ್ದಿದೆ, ಯಾರು ಯಾರಿಗೆ ಹಣ ಉಳಿಸಿಕೊಂಡಿದ್ದಾರೆ ಎಂಬುದೆಲ್ಲ ಕಾಣುತ್ತದೆ. ನಾನು ಕಾರ್ಯದರ್ಶಿಯಾದ ಹೊಸತರಲ್ಲಿ, ಒಬ್ಬರು ತಮ್ಮ ಒಂದು ಯಂತ್ರ ಮಾರುವ ಯೋಚನೆಯಲ್ಲಿದ್ದಾರೆ ಎಂದು ಚಹಾದ ಹೊತ್ತಿನಲ್ಲಿ ಹೇಳಿಬಿಟ್ಟೆ. ಅವರಿಗೆ ಸಹಾಯವಾಗಲಿ, ಕೊಳ್ಳುವವರು ಸಿಗಲಿ ಎಂಬ ಉದ್ದೇಶ ನನ್ನದು. ಆದರೆ ವಾರದೊಳಗೆ ಅವರಿಗೆ ಉಕ್ಕು ಕೊಡುತ್ತಿದ್ದವರು ಉದ್ರಿ ನಿಲ್ಲಿಸಿ ಬಾಕಿ ಕೇಳಲು ಬಂದರು. ಆ ಮನುಷ್ಯ ನನ್ನೊಡನೆ ಮತ್ತೆ ಮೊದಲಿನಂತೆ ಮಾತಾಡಲು ವರ್ಷಗಳೇ ಹಿಡಿದವು, ಅದು ನ್ಯಾಯವೇ ಆಗಿತ್ತು. ಸದಸ್ಯರಿಬ್ಬರ ನಡುವಿನ ಬಾಕಿ ಹಣದ ತಕರಾರು ನಿಮ್ಮ ಬಳಿ ಬಂದರೆ ನೀವು ಪಂಚಾಯಿತಿಗೆ ಕೂರಬೇಡಿ. ಉದ್ಯಮ ನೋಂದಣಿ ಇರುವ ಕಿರು ಮತ್ತು ಸಣ್ಣ ಪೂರೈಕೆದಾರರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಡಿ ಹಣ ಸಿಗಲು ಗರಿಷ್ಠ 45 ದಿನದ ಗಡುವಿದೆ, ಅದು ಮೀರಿದರೆ ಇಂಥ ಬಾಕಿಯ ತಕರಾರು ಕೇಳುವ ಸೌಲಭ್ಯ ಮಂಡಳಿಗೆ ಹೋಗುವ ದಾರಿಯಿದೆ ಎಂದು ಕೇಳಿದವರಿಗೆ ಒಬ್ಬರಿಗೇ ತಿಳಿಸಿ, ಅಲ್ಲಿಗೆ ಬಿಟ್ಟುಬಿಡಿ.

ಮೂರನೆಯದು ಕಾನೂನಿನ ಅಪಾಯ, ಹೊಸಬರಿಗೆ ಇದು ಬಹಳ ಸಲ ಗೊತ್ತೇ ಇರುವುದಿಲ್ಲ. ಕೂಲಿ ದರ ಕುಸಿದಾಗ "ಎಲ್ಲರೂ ಸೇರಿ ಗಂಟೆಗೆ ಇಷ್ಟಕ್ಕಿಂತ ಕಡಿಮೆಗೆ ಮಾಡುವುದು ಬೇಡ" ಎಂಬ ಮಾತು ಸಮಿತಿಯಲ್ಲಿ ಏಳುತ್ತದೆ. ಆಡುವವರ ಕಷ್ಟ ನಿಜವಾದದ್ದು, ಆದರೆ ಸಂಘದ ಮೂಲಕ ದರ ನಿಗದಿ ಮಾಡುವುದು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ನಿಗೆ ವಿರುದ್ಧ. ಭಾರತೀಯ ಸ್ಪರ್ಧಾ ಆಯೋಗವು ಇಂಥ ವಿಷಯಗಳಲ್ಲಿ ವ್ಯಾಪಾರಿ ಸಂಘಗಳಿಗಷ್ಟೇ ಅಲ್ಲದೆ ಪದಾಧಿಕಾರಿಗಳಿಗೂ ವೈಯಕ್ತಿಕವಾಗಿ ದಂಡ ವಿಧಿಸಿದೆ. ಆ ಚರ್ಚೆ ಬಂದರೆ ವೆಚ್ಚ ಲೆಕ್ಕ ಹಾಕುವ ವಿಧಾನದ ಬಗ್ಗೆ, ಅಂದರೆ ವಿದ್ಯುತ್, ಟೂಲಿಂಗ್, ಯಂತ್ರದ ಸವಕಳಿ ಇವನ್ನು ಗಂಟೆಯ ದರಕ್ಕೆ ಹೇಗೆ ಸೇರಿಸಬೇಕು ಎಂಬುದರ ಬಗ್ಗೆ ಒಬ್ಬ ಕಾಸ್ಟ್ ಅಕೌಂಟೆಂಟರಿಂದ ತರಬೇತಿ ಇಡೋಣ ಎಂದು ಸೂಚಿಸಿ. ದರವನ್ನು ಪ್ರತಿಯೊಬ್ಬರೂ ತಮ್ಮ ಲೆಕ್ಕದ ಮೇಲೆ ತಾವೇ ಹೇಳಲಿ. ಸಭೆ ಅದನ್ನು ಮೀರಿ ದರ ಗೊತ್ತುಪಡಿಸಲು ಹೊರಟರೆ ನಿಮ್ಮ ಅಸಮ್ಮತಿಯನ್ನು ನಡಾವಳಿಯಲ್ಲಿ ಬರೆಸಿ.

ಸಮಯದ ಮಿತಿಯನ್ನೂ ಹಾಕಿಕೊಳ್ಳಬೇಕು. ಎರಡೇ ಯಂತ್ರಗಳ ಶಾಪಿನಲ್ಲಿ ಸೆಟ್ಟಿಂಗ್, ಮೊದಲ ತುಂಡಿನ ತಪಾಸಣೆ ಎರಡೂ ಬಹುಶಃ ನಿಮ್ಮ ಕೈಯಲ್ಲೇ ಇರುತ್ತವೆ. ವಾರಕ್ಕೆ ಐದಾರು ಗಂಟೆಗಿಂತ ಹೆಚ್ಚು ಸಂಘಕ್ಕೆ ಹೋದರೆ ನಿಮ್ಮ ವಾಯಿದೆಗಳು ತಪ್ಪತೊಡಗುತ್ತವೆ. ಉದ್ಘಾಟನೆ, ಸನ್ಮಾನ, ನಿಯೋಗಗಳ ಫೋಟೊಗಳಿಗೆ ನೀವು ಇರಲೇಬೇಕಾಗಿಲ್ಲ. ಸಂಘದ ಕೆಲಸದಿಂದ ಹುಟ್ಟುವ ವಿಶ್ವಾಸ ನಿಮಗೆ ಮೊದಲ ಲಾಟನ್ನು ತಂದುಕೊಡಬಲ್ಲದು; ಎರಡನೆಯ ಲಾಟ್ ಬರುವುದು ಮೊದಲನೆಯದನ್ನು ನೀವು ಹೇಗೆ, ಯಾವಾಗ ಕೊಟ್ಟಿರಿ ಎಂಬುದರ ಮೇಲೆಯೇ.

ವಿಶ್ವಾಸ ಮೂಡುತ್ತಿದೆಯೇ ಎಂದು ತಿಳಿಯಲು ಹೊಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ವೇದಿಕೆಯ ಮೇಲೆ ಎಲ್ಲರೂ ಹೊಗಳುತ್ತಾರೆ. ನೀವು ಕೂತಿರುವಾಗಲೂ ಹಿರಿಯರು ತಮ್ಮ ಗಿರಾಕಿಯ ಹೆಸರು ಹೇಳಿ ಮಾತು ಮುಂದುವರಿಸಿದರೆ, ರಿಜೆಕ್ಟ್ ಆದ ಎರಕವೊಂದನ್ನು ತಂದು "ಇದು ನಮ್ಮದಾ, ಮಷಿನಿಂಗಿನವರದಾ, ನೋಡಿ ಹೇಳು" ಎಂದು ಕೇಳಿದರೆ, ಅಥವಾ ರಾತ್ರಿ ಟೂಲ್ ಒಂದು ಮುರಿದಾಗ ನಿಮ್ಮಲ್ಲಿ ಇದೆಯೇ ಎಂದು ಫೋನ್ ಬಂದರೆ, ಬಾಗಿಲು ತೆರೆದಿದೆ ಎಂದು ತಿಳಿಯಿರಿ. ಸಾಮಾನ್ಯವಾಗಿ ಇದಕ್ಕೆ ಒಂದೂವರೆ ವರ್ಷವಾದರೂ ಬೇಕು. ಎರಡು ವರ್ಷ ಕಳೆದರೂ ಇವುಗಳಲ್ಲಿ ಒಂದೂ ಕಾಣದಿದ್ದರೆ ಸಂಘ ನಾಲ್ಕಾರು ಜನರ ಕೈಯಲ್ಲಿ ಸಿಕ್ಕಿರಬಹುದು, ಅಥವಾ ಅಲ್ಲಿಗೆ ಬರುವವರು ನಿಮಗೆ ಕೆಲಸ ಕೊಡಬಲ್ಲವರೇ ಅಲ್ಲದಿರಬಹುದು. ಆಗ ಅವಧಿ ಮುಗಿಸಿ ಹೊರಬಂದು, ಒಬ್ಬೊಬ್ಬ ಫೌಂಡ್ರಿಯವರ ಬಳಿಯೂ ಹತ್ತು ತುಂಡಿನ ಪ್ರಯೋಗದ ಲಾಟ್ ಕೇಳುವ ನೇರ ದಾರಿಯೇ ವಾಸಿ.

ಹೊರಬರುವಾಗ ಪಾವತಿ ಪುಸ್ತಕಗಳನ್ನು ಕ್ರಮಸಂಖ್ಯೆಯ ಪಟ್ಟಿಯೊಡನೆ, ಬರೆಯದೆ ಉಳಿದ ಹಾಳೆಗಳ ಲೆಕ್ಕವನ್ನೂ ಸೇರಿಸಿ, ಬ್ಯಾಂಕಿನ ಅಂದಿನ ಶಿಲ್ಕು ನಮೂದಿಸಿ ಮುಂದಿನವರಿಗೆ ಒಪ್ಪಿಸಿ, ಇಬ್ಬರೂ ಸಹಿ ಮಾಡಿದ ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಆ 14 ಮಂದಿಯಂಥ ಪ್ರಕರಣ ಮುಂದೆಂದಾದರೂ ಎದ್ದರೆ ಅದನ್ನು ಬಿಡಿಸಲು ಆ ಒಂದು ಹಾಳೆ ಬೇಕಾಗುತ್ತದೆ.